ಕಛೇರಿಗೆ ಹೊರಡುವ ಮೊದಲು ಒಂದು ಸಲ ಕೂತು ನೋಡಿ

ಅಕ್ಕನ ಮಗಳಿಗೆ ಪೂರ್ತಿ ಸಂಗೀತ ಕಛೇರಿ ಕೇಳುವ ಆಸೆ ಬಂತು. ಅವಳು ಮೊಬೈಲಿನಲ್ಲಿ ಬಿಡಿ ಹಾಡು ಕೇಳಿದ್ದಳೇ ಹೊರತು ಮೂರು ಗಂಟೆ ಒಂದೇ ಕಡೆ ಕೂತವಳಲ್ಲ. ಸಂಜೆ ಆರಕ್ಕೆ ಶುರುವಾಗುವ ಹಾಡುಗಾರಿಕೆ. ಜೊತೆಗೆ ಪಿಟೀಲು, ಮೃದಂಗ, ಘಟ. ಮಧ್ಯೆ ಬಿಡುವಿಲ್ಲ. ಮುಂದೆ ನೆಲಕ್ಕೆ ಜಮಖಾನ ಹಾಸಿರುತ್ತಾರೆ, ಹಿಂದೆ ಕುರ್ಚಿಗಳು. ನಾನು ಯಾವಾಗಲೂ ಜಮಖಾನದ ಗಿರಾಕಿ. ಮೃದಂಗದವರ ಬೆರಳು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

ನಾಲ್ಕು ಗಂಟೆಗೇ ಅವಳು ನಮ್ಮ ಮನೆಗೆ ಬಂದಳು. ಹೊಸ ರೇಷ್ಮೆ ಸೀರೆ, ಅಗಲ ಜರಿ ಅಂಚು, ಒಳಗೆ ಮೈಗೆ ಅಂಟಿಕೊಂಡಂತಿರುವ ಶೇಪ್‌ವೇರ್ ಲಂಗ, ಎರಡೂ ಕೈಗೆ ಗಾಜಿನ ಬಳೆ, ದೊಡ್ಡ ಜುಮುಕಿ. ಕಣ್ಣಿಗೆ ಹಬ್ಬ.

"ಚೆನ್ನಾಗಿದೆ ಕಣೇ. ಈಗ ಇಲ್ಲಿ ಚಕ್ಕಳಮಕ್ಕಳ ಹಾಕಿ ಕೂತ್ಕೋ ನೋಡೋಣ" ಎಂದೆ.

ಕೂರಲು ಹೋದಳು. ಮೊಣಕಾಲು ಅಗಲವಾಗಲೇ ಇಲ್ಲ. ಕೊನೆಗೆ ಎರಡೂ ಕಾಲನ್ನು ಒಂದೇ ಪಕ್ಕಕ್ಕೆ ಮಡಚಿ, ಒಂದು ಕೈ ನೆಲಕ್ಕೆ ಊರಿ ಕೂತಳು. "ಹೀಗೇ ಕೂತಿರ್ತೀನಿ ಬಿಡಿ ಚಿಕ್ಕಮ್ಮ" ಎಂದಳು. ಹತ್ತು ನಿಮಿಷ ಕೂರಬಹುದು. ಮೂರು ಗಂಟೆ ಆಗುವುದಿಲ್ಲ. ಪೂರ್ತಿ ಭಾರ ಒಂದೇ ಸೊಂಟದ ಮೇಲೆ ಬಿದ್ದು, ಊರಿದ ಕೈ ಜೋಮು ಹಿಡಿಯುತ್ತದೆ.

ನಾವೆಲ್ಲ ಬಟ್ಟೆ ನೋಡಿಕೊಳ್ಳುವುದು ಕನ್ನಡಿ ಮುಂದೆ ನಿಂತು. ಆದರೆ ಕಛೇರಿಯಲ್ಲಿ ನಿಂತಿರುವುದು ಚಪ್ಪಲಿ ಬಿಡುವಾಗ, ಪರಿಚಯದವರು ಸಿಕ್ಕಾಗ, ಅಷ್ಟೇ. ಉಳಿದದ್ದೆಲ್ಲ ಕೂತೇ. ಕೂತಾಗ ಹೊಟ್ಟೆ ಮಡಚಿಕೊಂಡು ಮುಂದೆ ಬರುತ್ತದೆ, ಸೊಂಟದ ಸುತ್ತಳತೆ ಜಾಸ್ತಿಯಾಗುತ್ತದೆ. ಸೊಂಟದ ಹಿಂದಿನ ಬಟ್ಟೆ ಕೆಳಕ್ಕೆ ಎಳೆಯುತ್ತದೆ. ಮೊಣಕಾಲಿನ ಹಿಂದೆ ಬಟ್ಟೆ ಮುದ್ದೆಯಾಗುತ್ತದೆ. ದಪ್ಪ ಜೀನ್ಸ್ ಹಾಕಿ ನೆಲಕ್ಕೆ ಕೂತವರಿಗೆ ಈ ಕೊನೆಯದು ಚೆನ್ನಾಗಿ ಗೊತ್ತಿರುತ್ತದೆ. ಅಲ್ಲಿ ಒತ್ತಿ ಒತ್ತಿ ಪಾದದವರೆಗೂ ಜೋಮು ಇಳಿಯುತ್ತದೆ.

ಹಾಗಾಗಿ ಮೊದಲು ಲಂಗ ಬದಲಾಯಿಸಿದೆವು. ನನ್ನದೊಂದು ಹಳೆಯ ಹತ್ತಿ ಲಂಗ, ಸುತ್ತ ಧಾರಾಳವಾಗಿ ಘೇರು ಇರುವಂಥದ್ದು. ಲಾಡಿ ಕಟ್ಟುವ ಕ್ರಮ ನನ್ನದು ಹೀಗೆ. ನಿಂತು ಕಟ್ಟಬೇಕು, ಸೀರೆ ಉಡುವ ಮೊದಲೇ ನೆಲಕ್ಕೆ ಕೂತು ಉಸಿರು ಪೂರ್ತಿ ಒಳಗೆ ಎಳೆದುಕೊಳ್ಳಬೇಕು. ಆಗಲೂ ಲಾಡಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋದರೆ ಸರಿ. ಹೋಗದಿದ್ದರೆ ಎದ್ದು ಸಡಿಲಿಸಿ ಮತ್ತೆ ಕೂತು ನೋಡಬೇಕು. ಗಂಟು ಹೊಟ್ಟೆಯ ನಡುವೆ ಬೇಡ, ಬೆನ್ನಿಗೂ ಬೇಡ. ಮಡಚಿದ ಹೊಟ್ಟೆಗೆ ಗಂಟು ಸಿಕ್ಕಿಕೊಂಡರೆ ಒಂದು ಗಂಟೆಯಲ್ಲಿ ಕೆಂಪಗೆ ಗುರುತು ಮೂಡುತ್ತದೆ. ಬೆನ್ನಿಗಿದ್ದರೆ ಒರಗಿದಾಗಲೆಲ್ಲ ಒತ್ತುತ್ತದೆ. ಪಕ್ಕಕ್ಕೆ, ಸೊಂಟದ ಮೂಳೆಗಿಂತ ಸ್ವಲ್ಪ ಮೇಲೆ ಬರಲಿ.

ಇಲ್ಲೊಂದು ತೊಡಕಿದೆ. ಸೀರೆಯ ಹೆಚ್ಚಿನ ಭಾರ ನಿಂತಿರುವುದು ಲಾಡಿಯ ಮೇಲೆ. ಅಗಲ ಜರಿಯ ಸೀರೆಗೆ ಲಾಡಿ ಸಡಿಲ ಬಿಟ್ಟರೆ, ಎದ್ದಾಗ ಇಡೀ ಸೀರೆ ಎರಡು ಇಂಚು ಕೆಳಗೆ ಜಾರುತ್ತದೆ. ಬಿಗಿ ಕಟ್ಟಿದರೆ ಕೂರಲಾಗುವುದಿಲ್ಲ. ಅಂದರೆ ಸೊಂಟಕ್ಕೆ ಆರಾಮ ಬೇಕಾದರೆ ಸೀರೆಯೇ ಹಗುರ ಇರಬೇಕು. ಇದನ್ನು ಹೇಳಿದಾಗ ಅವಳ ಮುಖ ಸಣ್ಣದಾಯಿತು. ಆ ಸೀರೆಗಾಗಿಯೇ ಬಂದಿದ್ದಳು, ಪಾಪ.

ವಾದ ಮಾಡಲಿಲ್ಲ. ಅವಳ ಸೆರಗನ್ನು ಅವಳ ಕಿವಿಯ ಪಕ್ಕ ಹಿಡಿದು ಉಜ್ಜಿದೆ. ಹೊಸ ಜರಿ ಸರಸರ ಅಂದಿತು. ಆಮೇಲೆ ನನ್ನ ಹಳೆಯ ಕ್ರೇಪ್ ರೇಷ್ಮೆ ತಂದು ಹಾಗೇ ಮಾಡಿದೆ. ಸದ್ದಿಲ್ಲ. ಆಲಾಪನೆ ನಿಂತು ನಿಂತು ಸಾಗುವಾಗ ಪಕ್ಕದವರಿಗೆ ಕೇಳಿಸುವುದು ಈ ಸದ್ದೇ. ಗರಿಗರಿ ಆರ್ಗಾಂಜಾ, ಟಫೇಟಾ, ನೈಲಾನ್ ಜಾಕೆಟ್, ಇವೆಲ್ಲ ಅದೇ ಗುಂಪಿಗೆ ಸೇರಿದವು. ನೈಲಾನ್ ಜಾಕೆಟ್ಟಿನವರು ಒಂದು ಸಲ ಕೈ ಕಟ್ಟಿದರೆ ಮೂರು ಸಾಲಿಗೆ ಗೊತ್ತಾಗುತ್ತದೆ. ಅವಳು ಕ್ರೇಪ್ ಉಟ್ಟಳು. ಅದು ಮೈಮೇಲೆ ಇಳಿಬೀಳುತ್ತದೆ, ಉಬ್ಬಿ ನಿಲ್ಲುವುದಿಲ್ಲ. ಕೂತಾಗ ನಿರಿಗೆ ಮುಂದೆ ಹರಡಿಕೊಂಡು ಮೊಣಕಾಲು ಮುಚ್ಚುತ್ತದೆ. ನಿರಿಗೆಗೆ ಹೊಕ್ಕುಳ ಹತ್ತಿರ ಒಂದೇ ಪಿನ್. ಕೆಳಗೆಲ್ಲೂ ಬೇಡ, ಹರಡಿಕೊಳ್ಳಲು ಜಾಗ ಬೇಕಲ್ವಾ.

ರವಿಕೆಯದು ಬೇರೆಯೇ ವಿಷಯ. ತಾಳ ಹಾಕುವವರಿಗೆ ಬಲತೋಳು ಮುಖ್ಯ. ಸೆರಗು ಎಡಭುಜದ ಮೇಲೆ ಬರುವುದರಿಂದ ಬಲಗೈ ತಾನಾಗಿಯೇ ಬಿಡುವಾಗಿರುತ್ತದೆ. ಆದರೆ ಕಂಕುಳ ಬಿಗಿಯಿದ್ದರೆ, ಆದಿತಾಳದ ಎಂಟು ಎಣಿಕೆಯನ್ನು ತೊಡೆಯ ಮೇಲೆ ನೂರಾರು ಸುತ್ತು ಹಾಕುವಷ್ಟರಲ್ಲಿ ಹೊಲಿಗೆ ಚರ್ಮವನ್ನು ಉಜ್ಜಿರುತ್ತದೆ. ಕೈ ಎತ್ತಿ ಇಳಿಸಿ ನೋಡು ಎಂದೆ. ಅವಳದು ಸಡಿಲವಿತ್ತು, ಒಳಗೆ ಹತ್ತಿಯ ಲೈನಿಂಗೂ ಇತ್ತು. ಬಳೆಗಳಲ್ಲಿ ಬಲಗೈಯವನ್ನು ತೆಗೆಸಿದೆ. ಪ್ರತಿ ಪೆಟ್ಟಿಗೂ ಅವು ಝಣ್ ಅನ್ನುತ್ತವೆ, ಅದೂ ತಾಳಕ್ಕಿಂತ ಚೂರು ತಡವಾಗಿ. ಎಡಗೈಯವು ಇರಲಿ. "ಜುಮುಕಿ ಮಾತ್ರ ತೆಗೆಯಲ್ಲ" ಎಂದಳು. ತೆಗೆಯಬೇಕಾಗಿಯೂ ಇರಲಿಲ್ಲ. ಕಿವಿ ನೋವಾದರೆ ಅವಳದೇ ತಾನೇ.

ಕೊನೆಗೆ ಒಂದು ತೆಳು ಉಣ್ಣೆ ಶಾಲು ಚೀಲಕ್ಕೆ ಹಾಕಿಸಿದೆ. "ಸೆಕೆ ಆಗ್ತಿದೆ, ಯಾಕೆ?" ಎಂದಳು. ನಡೆದುಕೊಂಡು ಬಂದವರಿಗೆ ಸೆಕೆಯೇ. ಆದರೆ ಅಲುಗಾಡದೆ ಕೂತ ಮೈ ಜಾಸ್ತಿ ಬಿಸಿ ಹುಟ್ಟಿಸುವುದಿಲ್ಲ, ಎಸಿಯ ತಂಪು ಗಾಳಿ ಕೆಳಕ್ಕೆ ಇಳಿಯುತ್ತದೆ, ನಾವು ಕೂರುವುದು ನೆಲದಲ್ಲಿ. ಒಂದು ಗಂಟೆ ಕಳೆದ ಮೇಲೆ ಚಳಿ ಮೊದಲು ಪಾದಕ್ಕೆ, ಆಮೇಲೆ ಬೆನ್ನಿಗೆ ಬರುತ್ತದೆ.

ಭಾವ ಸೀದಾ ಸಭಾಂಗಣಕ್ಕೇ ಬಂದರು. ಬಿಳಿ ಜುಬ್ಬ, ಪಂಚೆ, ಕೈಯಲ್ಲಿ ಸ್ಮಾರ್ಟ್‌ವಾಚು. ನೆಲಕ್ಕೆ ಕೂರಲು ಪಂಚೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಆದರೆ ಅವರದು ಗಂಟಿನ ಬದಲು ವೆಲ್ಕ್ರೋ ಇರುವಂಥದ್ದು. ಬೇಗ ಉಡಬಹುದಂತೆ.

ಈಗಿನ ಕಛೇರಿಯ ಕ್ರಮಕ್ಕೆ ರೂಪ ಕೊಟ್ಟವರೆಂದು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರರ ಹೆಸರು ಹೇಳುತ್ತಾರೆ. ಮೊದಲು ವರ್ಣ, ಆಮೇಲೆ ಚುರುಕಾದ ಕೃತಿಗಳು, ಅರ್ಧ ದಾರಿಯ ಹೊತ್ತಿಗೆ ದೊಡ್ಡ ರಾಗ, ಅದರ ಕೃತಿ, ಮೃದಂಗ, ಘಟದವರಷ್ಟೇ ನುಡಿಸುವ ತನಿ ಆವರ್ತನ, ಕೊನೆಗೆ ಹಗುರವಾದವು. ಕೇಳಲು ಇದು ಬಹಳ ಚೆಂದದ ಕ್ರಮ. ಕೂತ ಮೈಗೆ ಮಾತ್ರ ಸ್ವಲ್ಪ ಕಷ್ಟ. ಮೊದಲ ಒಂದು ಗಂಟೆ ಎಂಥ ಬಟ್ಟೆಯಾದರೂ ತಡೆಯುತ್ತದೆ. ಲಾಡಿ ಒತ್ತಲು, ಕಾಲು ಜೋಮು ಹಿಡಿಯಲು, ಚಳಿಯಾಗಲು ಶುರುವಾಗುವ ಹೊತ್ತಿಗೇ ಮುಖ್ಯ ರಾಗದ ಆಲಾಪನೆ ಶುರುವಾಗಿರುತ್ತದೆ. ಇಡೀ ಸಂಜೆಯಲ್ಲಿ ಅತಿ ಕಡಿಮೆ ಸದ್ದಿರುವ, ಅತಿ ಹೆಚ್ಚು ಗಮನ ಬೇಡುವ ಹೊತ್ತು ಅದು. ಮೃದಂಗವೂ ಸುಮ್ಮನಿರುತ್ತದೆ.

ಅವತ್ತು ಕಾಂಭೋಜಿ. ಗಾಯಕರು ನಿಧಾನವಾಗಿ ಮೇಲೇರಿ ತಾರಷಡ್ಜದಲ್ಲಿ ನಿಂತರು. ತಂಬೂರಿ ಬಿಟ್ಟರೆ ಏನೂ ಕೇಳಿಸುತ್ತಿಲ್ಲ. ಆಗ ನನ್ನ ಎಡಕ್ಕೆ ಚರ್ರ್ ಎಂಬ ಸದ್ದು. ಭಾವನ ಹೊಟ್ಟೆ ಜಾಗ ಕೇಳಿತ್ತು, ಅವರು ವೆಲ್ಕ್ರೋ ಬಿಡಿಸಿದ್ದರು. ಮುಂದಿನ ಸಾಲಿನ ಇಬ್ಬರು ತಿರುಗಿ ನೋಡಿದರು. ಅಕ್ಕನ ಮಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭಾವನಿಗೆ ಈಗ ಇನ್ನೊಂದು ಸಂಕಟ: ಮತ್ತೆ ಅಂಟಿಸಿದರೆ ಸರಿಮಾಡಲು ಇನ್ನೊಂದು ಸಲ ಬಿಡಿಸಬೇಕಾದೀತು, ಅಂಟಿಸದಿದ್ದರೆ ಏಳುವ ಹಾಗಿಲ್ಲ. ಕೃತಿ ಶುರುವಾಗಿ ಮೃದಂಗ ಜೋರಾಗುವವರೆಗೂ ಒಂದು ಕೈಯಲ್ಲಿ ಪಂಚೆ ಹಿಡಿದೇ ಕೂತಿದ್ದರು. ಶಾಲನ್ನು ಅವರ ಮಡಿಲಿಗೆ ಕೊಟ್ಟೆವು. ಆಮೇಲೆ ನಮಗೆ ಚಳಿಯಾಯಿತು, ಆ ಮಾತು ಬೇರೆ.

ಕೃತಿ ಆದಿತಾಳದಲ್ಲಿತ್ತು. ಭಾವ ಬಿಡುವಿದ್ದ ಕೈಯಲ್ಲಿ ತಾಳ ಹಾಕತೊಡಗಿದರು. ಅದು ವಾಚಿನ ಕೈ. ಮಣಿಕಟ್ಟು ಎತ್ತಿ ತಿರುಗಿಸಿದರೆ ಆ ವಾಚಿಗೆ ಟೈಮ್ ನೋಡುತ್ತಿದ್ದಾರೆ ಎಂದೇ ಅರ್ಥ, ಪರದೆ ಬೆಳಗುತ್ತದೆ. ತಾಳದಲ್ಲಿ ಪೆಟ್ಟು ಆದ ಮೇಲೆ ಅಂಗೈ ಮೇಲೆ ಮಾಡುತ್ತೇವಲ್ಲ, ಪ್ರತಿ ಆವರ್ತನೆಗೂ ಅಲ್ಲೇ ಮಿಣಕ್. ಕೆಲವು ವಾಚುಗಳಲ್ಲಿ ಇದಕ್ಕೆಂದೇ ಥಿಯೇಟರ್ ಮೋಡ್ ಇರುತ್ತದೆ. ಮಗಳು ಕೈ ಚಾಚಿ ವಾಚು ಬಿಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಸದ್ಯ, ಆ ಚೀಲಕ್ಕೆ ಜಿಪ್ ಇತ್ತು, ವೆಲ್ಕ್ರೋ ಅಲ್ಲ.

ತನಿ ಶುರುವಾದಾಗ ಯಥಾಪ್ರಕಾರ ಕೆಲವರು ಎದ್ದು ಹೋದರು. ಲಯದ ಬಗ್ಗೆ ಅಸಡ್ಡೆ ಎಂದು ಅವರನ್ನು ಬೈಯುವುದು ವಾಡಿಕೆ. ನನಗೆ ಮಾತ್ರ ಅನುಮಾನ, ಅರ್ಧ ಜನರನ್ನು ಎಬ್ಬಿಸುವುದು ಬೆಲ್ಟು ಮತ್ತು ಲಾಡಿ. ಹೊರಗೆ ಹೋದವರು ಎಷ್ಟೋ ಜನ ಮೈ ಮುರಿಯುತ್ತಾ, ಸೊಂಟ ಸರಿಮಾಡಿಕೊಳ್ಳುತ್ತಾ ನಿಂತಿರುತ್ತಾರೆ. ನಮ್ಮ ಹುಡುಗಿ ಏಳಲಿಲ್ಲ. ಎರಡು ಸಲ ಕಾಲು ಬದಲಾಯಿಸಿದಳು, ಅಷ್ಟೇ. ಘಟದವರು ಮೃದಂಗದವರ ಮಾತಿಗೆ ಮಾತು ಕೊಡುವಾಗ ಬಾಯಿ ತೆರೆದು ನೋಡುತ್ತಿದ್ದಳು.

ಮಂಗಳ ಮುಗಿದು ಏಳುವಾಗ ಅವಳಿಗೆ ಹೇಳಿದ್ದು ಇಷ್ಟು: ತಟ್ಟನೆ ಏಳಬೇಡ, ಮೊದಲು ಕಾಲು ಚಾಚು, ಮೊಣಕಾಲೂರು, ನಿರಿಗೆಯನ್ನು ಎಡಗೈಯಲ್ಲಿ ಎತ್ತಿ ಹಿಡಿ, ಆಮೇಲೆ ಎದ್ದು ನಿಲ್ಲು. ಜೋಮು ಹಿಡಿದ ಪಾದಕ್ಕೆ ಸೀರೆಯ ಅಂಚು ತುಳಿದದ್ದು ಗೊತ್ತಾಗುವುದಿಲ್ಲ, ಮೇಲೇಳುವ ರಭಸಕ್ಕೆ ನಿರಿಗೆ ಪೂರ್ತಿ ಕಿತ್ತುಬರುತ್ತದೆ.

ಮುಂದಿನ ಸಲ ಭರತನಾಟ್ಯಕ್ಕೆ ಹೋಗೋಣ ಎಂದಿದ್ದಾಳೆ. ಆ ಹೊಸ ಜರಿ ಸೀರೆಯನ್ನೇ ಉಡುತ್ತಾಳಂತೆ. ಅಲ್ಲಿ ಕುರ್ಚಿಯ ಮೇಲೆ ಕೂರುವುದು, ನಟುವಾಂಗ, ಗೆಜ್ಜೆಯ ನಡುವೆ ಸೆರಗಿನ ಸರಸರ ಯಾರಿಗೂ ಕೇಳಿಸುವುದಿಲ್ಲ. ನಾನೂ ಒಪ್ಪಿದೆ. ಎತ್ತರದ ತುರುಬು ಮಾತ್ರ ಬೇಡ ಎಂದಿದ್ದೇನೆ. ಹಾಡುಗಾರಿಕೆಯಲ್ಲಿ ಹಿಂದಿನವರಿಗೆ ಗಾಯಕರ ಮುಖ ಕಾಣದಿದ್ದರೂ ನಡೆದೀತು, ನಾಟ್ಯದಲ್ಲಿ ಪಾದ ಕಾಣಬೇಕು. ಜಡೆ ಹಾಕಿಕೊಂಡು ಬರುತ್ತಾಳಂತೆ.