ಕೆಲಸದ ಚಾರ್ಟ್, ಮೂರನೇ ಸಲ: ಈ ಸಲ ಸೋಮವಾರ ಗದ್ದಲವಿಲ್ಲ

ಕೊನೆಗೂ ಸರಿಹೋಯ್ತು! ಎರಡನೇ ತರಗತಿಯ ಇಪ್ಪತ್ತೈದೂ ಮಕ್ಕಳಿಗೆ ಒಂದೊಂದು ಕೆಲಸ, ವಾರಕ್ಕೊಮ್ಮೆ ಬದಲಾವಣೆ. ಈ ಸೋಮವಾರ ಕೆಲಸ ಬದಲಾಯಿಸಿದ ಮೇಲೆ ನಾನು ಒಂದು ಕೆಲಸವನ್ನೂ ಹೇಳಿಕೊಡಬೇಕಾಗಲಿಲ್ಲ. ಹೋದ ತಿಂಗಳು ಇದೇ ಹೊತ್ತಿಗೆ ನನ್ನ ಗಂಟಲು ಕಟ್ಟಿಹೋಗಿತ್ತು.

ಕಾರ್ಡ್ ಕತ್ತರಿಸಿದ್ದು, ಲ್ಯಾಮಿನೇಟ್ ಮಾಡಿದ್ದು, ಚಿತ್ರ ಬರೆದದ್ದು ಎಲ್ಲಾ ನಿಮಗೆ ಗೊತ್ತಿರುವುದೇ, ಬಿಟ್ಟುಬಿಡುತ್ತೇನೆ. ಕೆಲಸಗಳು ಹನ್ನೆರಡು: ಸಾಲಿನ ಮುಂದಾಳು, ಬೋರ್ಡ್ ಒರೆಸುವುದು, ಗಿಡಕ್ಕೆ ನೀರು, ನೋಟ್‌ಬುಕ್ ಹಂಚುವುದು, ಲೈಟು-ಫ್ಯಾನು, ಪೆನ್ಸಿಲ್ ಡಬ್ಬ, ಆಟದ ಸಾಮಾನು ಎಣಿಸುವುದು, ಹೀಗೆ. ಒಂದು ಕೆಲಸಕ್ಕೆ ಇಬ್ಬರು. ಆಗ ಇಪ್ಪತ್ತನಾಲ್ಕು ಮಕ್ಕಳಿದ್ದರು, ಲೆಕ್ಕ ಸರಿಯಾಗಿತ್ತು.

ಮೊದಲು ಮಾಡಿದ್ದು ಚಕ್ರ. ಅದು ತಿರುಗಿದಾಗ ಕೆಳಗಿನ ಅರ್ಧದ ಹೆಸರುಗಳೆಲ್ಲ ತಲೆಕೆಳಗಾಗುತ್ತಿದ್ದವು. ಏಳು ವರ್ಷದ ಮಗುವಿಗೆ ನೇರ ಬರೆದದ್ದನ್ನು ಓದುವುದೇ ಒಂದು ಕೆಲಸ. ಚಕ್ರ ಬಿಟ್ಟು ಉದ್ದ ಪಟ್ಟಿ ಮಾಡಿದೆ. ಎಡಗಡೆ ಕೆಲಸಗಳು ಮೇಲಿಂದ ಕೆಳಗೆ, ಪ್ರತಿ ಕೆಲಸಕ್ಕೂ ಎರಡು ಸಾಲು, ಬಲಗಡೆ ಹೆಸರಿನ ಕಾರ್ಡ್.

ನಿಜವಾದ ಕಷ್ಟ ಶುರುವಾದದ್ದು ಇಲ್ಲಿಂದ. ಪ್ರತಿ ಸೋಮವಾರ ಎಲ್ಲರಿಗೂ ಹೊಸ ಕೆಲಸ ಸಿಗಲಿ ಅಂತ ಹೆಸರುಗಳನ್ನು ಎರಡೆರಡು ಸಾಲು ಕೆಳಗೆ ಇಳಿಸುತ್ತಿದ್ದೆ. ಇದರಲ್ಲಿ ಎರಡು ತಪ್ಪಿದ್ದವು. ಒಂದು, ಜೋಡಿ ಬದಲಾಗುವುದೇ ಇಲ್ಲ. ಮೊದಲ ವಾರ ಜೊತೆಗಿದ್ದ ಇಬ್ಬರು ವರ್ಷವಿಡೀ ಜೊತೆಗೇ. ಎರಡು, ಸೋಮವಾರ ಇಡೀ ತರಗತಿಗೆ ತನ್ನ ಕೆಲಸ ಗೊತ್ತಿಲ್ಲ. "ಮಿಸ್, ಡಸ್ಟರ್ ಎಲ್ಲಿ ಕೊಡವಬೇಕು?" "ಮಿಸ್, ಯಾವ ಸ್ವಿಚ್?" ಹನ್ನೆರಡು ಕೆಲಸಕ್ಕೂ ನಾನೊಬ್ಬಳೇ. ಗಿಡಕ್ಕೆ ನೀರು ಹಾಕುವ ಇಬ್ಬರೂ ಹೊಸಬರು. ಇಬ್ಬರೂ ಒಂದೊಂದು ಬಾಟಲಿ ಪೂರ್ತಿ ಸುರಿದರು. ಕುಂಡದಿಂದ ನೀರು ಹರಿದು ಚೀಲಗಳ ಕೆಳಗೆ ಹೋಯ್ತು. ಎರಡು ವಾರ ಹೀಗೇ ನಡೆದ ಮೇಲೆ ಮನಿಪ್ಲಾಂಟಿನ ಎಲೆ ಹಳದಿಯಾಯಿತು.

ಒಂದೊಂದು ಕೆಲಸ ಎರಡು ವಾರ ಇರಲಿ, ಆಮೇಲೆ ಎಲ್ಲರೂ ಒಟ್ಟಿಗೆ ಬದಲಾಗಲಿ ಅಂತ ನೋಡಿದೆ. ಗದ್ದಲ ಕಡಿಮೆಯಾಗಲಿಲ್ಲ, ಎರಡು ವಾರಕ್ಕೊಮ್ಮೆ ಬಂತು ಅಷ್ಟೇ.

ಹೊಳೆದದ್ದು ಒಂದು ಭಾನುವಾರ ರಾತ್ರಿ, ಕಾರ್ಡುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಾಗ. ಎರಡು ಸಾಲು ಯಾಕೆ, ಒಂದೇ ಸಾಲು ಇಳಿಸಿದರೆ? ಗಿಡದ ಕೆಲಸದ ಮೇಲಿನ ಸಾಲಿನಲ್ಲಿದ್ದವಳು ಮುಂದಿನ ವಾರ ಅದೇ ಕೆಲಸದ ಕೆಳಗಿನ ಸಾಲಿಗೆ ಬರುತ್ತಾಳೆ. ಅವಳಿಗೆ ಒಂದು ವಾರದ ಅಭ್ಯಾಸ ಆಗಿದೆ. ಮೇಲಿನ ಸಾಲಿಗೆ ಹೊಸಬ ಬರುತ್ತಾನೆ. ಅಂದರೆ ಯಾವ ವಾರ ನೋಡಿದರೂ, ಯಾವ ಕೆಲಸ ನೋಡಿದರೂ, ಮೇಲಿನ ಸಾಲು ಕಲಿಯುವವರು, ಕೆಳಗಿನ ಸಾಲು ಕಲಿಸುವವರು. ಹೇಳಿಕೊಡುವ ಕೆಲಸ ನನ್ನ ಕೈಯಿಂದ ಮಕ್ಕಳ ಕೈಗೆ ಹೋಯ್ತು.

ಅಷ್ಟರಲ್ಲಿ ಹೊಸ ಹುಡುಗ ಒಬ್ಬ ಸೇರಿ ಇಪ್ಪತ್ತೈದಾದರು. ಮೊದಲು ತಲೆ ಕೆಟ್ಟಿತು, ಆಮೇಲೆ ಅದೇ ಅನುಕೂಲವಾಯಿತು. ಎಲ್ಲಕ್ಕಿಂತ ಕೆಳಗೆ 25ನೇ ಸಾಲು ಹಾಕಿ 'ಬದಲಿ' ಅಂತ ಬರೆದೆ. ಯಾರು ಬರಲಿಲ್ಲವೋ ಅವರ ಕೆಲಸ ಆ ದಿನ ಬದಲಿಯದು. ಯಾರೂ ತಪ್ಪಿಸಿಕೊಂಡಿಲ್ಲದಿದ್ದರೆ ಬದಲಿಗೆ ನನ್ನ ಪಕ್ಕ ನಿಂತು ಹಾಜರಿ ಎಣಿಸುವ ಕೆಲಸ. ಇನ್ನೊಂದು ಮಗು ಸೇರಿದರೆ ಎರಡನೇ ಬದಲಿ ಸಾಲು ಸೇರಿಸುತ್ತೇನೆ, ಹನ್ನೆರಡು ಕೆಲಸಗಳನ್ನು ಮುಟ್ಟುವುದಿಲ್ಲ.

ಕಲಿಸುವ ಮಗುವೇ ಬರದಿದ್ದರೆ? ಇದಕ್ಕೂ ಪಟ್ಟಿಯಲ್ಲೇ ಉತ್ತರವಿದೆ. ಹೋದ ವಾರ ಈ ಕೆಲಸ ಮುಗಿಸಿದ ಮಗು ಈ ವಾರ ಅದರ ಕೆಳಗಿನ ಸಾಲಿನಲ್ಲೇ ಇರುತ್ತದೆ. "ಇನ್ನೊಂದು ಕಾರ್ಡ್ ಕೆಳಗೆ ನೋಡು, ಅವರನ್ನು ಕೇಳು" ಅಂದರೆ ಸಾಕು.

ಇನ್ನು ಕಾರ್ಡ್ ಇಳಿಸುವ ಕಥೆ. ಇಪ್ಪತ್ತೈದು ಕಾರ್ಡು ಕಿತ್ತು ಅಂಟಿಸಿ ಸಾಕಾಯಿತು. ವೆಲ್ಕ್ರೋ ತರಿಸಿದರೆ ಅಂಗಡಿಯವರು ಮುಳ್ಳಿನ ಬದಿ ಮಾತ್ರ ಕಳಿಸಿದರು. ಮೆತ್ತನೆ ಬದಿ ಇಲ್ಲದೆ ಅದನ್ನು ಏನು ಮಾಡಬೇಕು ಹೇಳಿ! ಹಾಗಾಗಿ ಕಾರ್ಡುಗಳನ್ನೇ ಸರಪಳಿ ಮಾಡಿದೆ. ಪ್ರತಿ ಕಾರ್ಡಿನ ಮೇಲೆ ಕೆಳಗೆ ತೂತು, ನಡುವೆ ತೆಗೆದು ಹಾಕುವ ರಿಂಗ್. ಮೇಲೆ ಒಂದು ಕೊಕ್ಕೆ. ಕೆಳಗಿನ ಕೊನೆಯ ಕಾರ್ಡ್ ಬಿಚ್ಚಿ ಎಲ್ಲಕ್ಕಿಂತ ಮೇಲೆ ಸೇರಿಸಿದರೆ ಇಡೀ ಸರಪಳಿ ಒಂದು ಸಾಲು ಇಳಿಯುತ್ತದೆ. ಒಂದು ನಿಮಿಷದ ಕೆಲಸ.

ಆದರೆ ಮೊದಲ ಸಲ ನೇತುಹಾಕಿದಾಗ ಅಳು ಬರುವಂತಾಯಿತು. ಕಾರ್ಡ್ 4 ಸೆಂ.ಮೀ. ಎತ್ತರ, ಸಾಲುಗಳನ್ನೂ ಸ್ಕೇಲಿಟ್ಟು 4 ಸೆಂ.ಮೀ.ಗೇ ಎಳೆದಿದ್ದೆ. ರಿಂಗಿನ ಜಾಗ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಂದೊಂದು ರಿಂಗಿಗೆ 4 ಮಿ.ಮೀ., ಇಪ್ಪತ್ತನಾಲ್ಕು ರಿಂಗಿಗೆ 9.6 ಸೆಂ.ಮೀ. ಮೇಲಿನ ಹೆಸರುಗಳು ಸರಿ, ಕೆಳಗಿನವು ಎರಡು ಸಾಲಿಗಿಂತ ಜಾಸ್ತಿ ಕೆಳಗೆ. ಬದಲಿಯ ಹೆಸರು ಚಾರ್ಟಿನಿಂದಲೇ ಹೊರಗೆ! ಜೊತೆಗೆ ಒಂದೇ ಪ್ಯಾಕೆಟ್ಟಿನಲ್ಲಿ ಎರಡು ಅಳತೆಯ ರಿಂಗ್ ಬಂದಿದ್ದವು. ಹಾಗಾಗಿ ಪ್ರತಿ ವಾರ ಬೇರೆ ಬೇರೆ ಜಾಗದಲ್ಲಿ ಹೆಸರು ಗೆರೆಯ ಮೇಲೆ ಬಂದು ಕೂರುತ್ತಿತ್ತು. ದೊಡ್ಡ ರಿಂಗುಗಳನ್ನೆಲ್ಲ ಆರಿಸಿ ತೆಗೆದೆ. ಸರಪಳಿಯನ್ನು ಮೊದಲು ಗೋಡೆಗೆ ನೇತುಹಾಕಿ, ಅದರ ಪಕ್ಕದಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿ, ಆಮೇಲೆ ಸಾಲು ಎಳೆದೆ. ಸಾಲಿಗೆ 4.4 ಸೆಂ.ಮೀ., ಒಟ್ಟು 110. ಈಗ ಒಂದೂ ತಪ್ಪುವುದಿಲ್ಲ.

ಇನ್ನೊಂದು ಮಾತು, ನೀವು ಮಾಡುವ ಮೊದಲೇ ಗೊತ್ತಿರಲಿ. ಒಂದೊಂದೇ ಸಾಲು ಇಳಿಸಿದರೆ ಒಂದು ಮಗು ಹನ್ನೆರಡೂ ಕೆಲಸಗಳನ್ನು ತನ್ನ ಕೆಳಗಿನ ಕಾರ್ಡಿನವರಿಂದಲೇ ಕಲಿಯುತ್ತದೆ, ತನ್ನ ಮೇಲಿನ ಕಾರ್ಡಿನವರಿಗೇ ಕಲಿಸುತ್ತದೆ. ಜೊತೆಗಾರರು ಬದಲಾದರೂ ಇವರಿಬ್ಬರ ನಡುವೆ ಮಾತ್ರ. ಹಾಗಾಗಿ ಹಾಜರಿ ಪಟ್ಟಿಯ ಕ್ರಮದಲ್ಲಿ ಸರಪಳಿ ಕಟ್ಟಬೇಡಿ. ನಾನು ಕಟ್ಟಿದ್ದೆ. ಸದಾ ಕಿತ್ತಾಡುವ ಇಬ್ಬರು ಅಕ್ಕಪಕ್ಕ ಬಂದು ಡಸ್ಟರ್ ಎಳೆದಾಡಿದರು. ಈಗ ನಿಧಾನವಾಗಿ ಕಲಿಯುವ ಮಗುವಿನ ಕೆಳಗೆ ತಾಳ್ಮೆ ಇರುವ ಮಗುವಿನ ಕಾರ್ಡ್ ಹಾಕಿದ್ದೇನೆ. ಒಂದು ಸುತ್ತು ಮುಗಿಯಲು 25 ವಾರ ಬೇಕು, ಅದು ಮುಗಿದ ಮೇಲೆ ಕ್ರಮ ಬದಲಿಸುತ್ತೇನೆ.

ಶುರು ಮಾಡುವ ವಾರ ಮಾತ್ರ ಎಲ್ಲರೂ ಹೊಸಬರೇ. ಅದಕ್ಕೆ ಹಿಂದಿನ ವಾರವೇ ಕೆಳಗಿನ ಸಾಲಿನ ಹನ್ನೆರಡು ಮಕ್ಕಳಿಗಷ್ಟೇ ನಾನು ಹೇಳಿಕೊಟ್ಟೆ. ದಿನಕ್ಕೆ ಮೂರು ಕೆಲಸ, ನಾಲ್ಕು ದಿನ, ಐದನೇ ದಿನ ಮಾಡಿ ತೋರಿಸಿದರು.

ಮುಂದಿನದು ತರಗತಿ ಗ್ರಂಥಾಲಯದ ಕಪಾಟು. ಪುಸ್ತಕ ತೆಗೆದ ಜಾಗದಲ್ಲಿ ಮಗು ತನ್ನ ಹೆಸರಿನ ರಟ್ಟು ಸಿಕ್ಕಿಸಿ ಹೋಗಬೇಕು. ಪುಸ್ತಕ ಯಾರ ಹತ್ತಿರ ಇದೆ, ಎಲ್ಲಿಗೆ ವಾಪಸ್ ಹೋಗಬೇಕು ಎರಡೂ ಒಟ್ಟಿಗೆ ಗೊತ್ತಾಗುತ್ತೆ, ಅಲ್ವಾ? ರಟ್ಟು ಎಷ್ಟು ದಪ್ಪ ಇರಬೇಕು ಅಂತ ನೋಡುತ್ತಿದ್ದೇನೆ. ತೆಳ್ಳಗಿದ್ದರೆ ಮಡಚಿಹೋಗುತ್ತೆ.

ಈ ಸೋಮವಾರ ಕಿಟಕಿಯ ಹತ್ತಿರ ನಿಂತು ನೋಡುತ್ತಿದ್ದೆ. ಹೊಸ ಹುಡುಗ ಬಾಟಲಿ ಎತ್ತಿದ. ಕೆಳಗಿನ ಸಾಲಿನವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಅವನ ಬೆರಳು ಹಿಡಿದು ಮಣ್ಣಿನೊಳಗೆ ಒತ್ತಿದಳು. "ಒದ್ದೆ ಇದೆಯಾ? ಹಾಗಾದ್ರೆ ಇವತ್ತು ಬೇಡ." ಅವನು ಬೆರಳು ನೋಡಿಕೊಂಡ, ಚಡ್ಡಿಗೆ ಒರೆಸಿಕೊಂಡ, ಮುಂದಿನ ಕುಂಡಕ್ಕೆ ತಾನೇ ಬೆರಳು ಹಾಕಿದ.