ಫಾಂಟ್ ಇತ್ತು, ಅರ್ಕಾವತ್ತು ಜಾರಿತ್ತು

“ಅಕ್ಕಾರ, ನಿಮ್ಮ ಫೈಲಿನಾಗ ಫಾಂಟ್ ಇಲ್ರೀ.” ಹುಬ್ಬಳ್ಳಿಯ ಮುದ್ರಣಾಲಯವೊಂದರ ಆಪರೇಟರ್ ಸೋಮವಾರ ಫೋನಿನಲ್ಲಿ ಹೇಳಿದ ಈ ಮಾತು ವಾರವಿಡೀ ನನ್ನ ತಲೆಯಲ್ಲಿ ಸುತ್ತುತ್ತಿದೆ. ಸಂಸ್ಮರಣ ಗ್ರಂಥವೊಂದರ ಒಳಪುಟಗಳ ಪಿಡಿಎಫ್ ಅನ್ನು ನಾನು ಅದರ ಹಿಂದಿನ ವಾರ ಕಳಿಸಿಕೊಟ್ಟಿದ್ದೆ. ಫಾಂಟ್ ಕಡತದೊಳಗೆ ಸೇರಿದೆಯೇ ಎಂದು ನೋಡದೆ ನಾನು ಯಾವ ಪಿಡಿಎಫ್ ಅನ್ನೂ ಹೊರಗೆ ಕಳಿಸುವುದಿಲ್ಲ. ಅಕ್ರೋಬ್ಯಾಟ್‌ನಲ್ಲಿ ಕಡತದ ಪ್ರಾಪರ್ಟೀಸ್ ತೆರೆದು ಫಾಂಟ್‌ಗಳ ಪಟ್ಟಿಯನ್ನು ನೋಡಬಹುದು. ನನಗೆ ರೂಢಿಯಾಗಿರುವುದು ಮಾತ್ರ ಒಂದೇ ಸಾಲಿನ ಈ ಆಜ್ಞೆ:

```
pdffonts olaputa.pdf

name                             type          emb sub uni
KXWQTB+NotoSerifKannada-Regular  CID TrueType  yes yes yes
```

ಇಲ್ಲಿ ಬೇಡದ ಎರಡು ಅಂಕಣಗಳನ್ನು ಬಿಟ್ಟಿದ್ದೇನೆ. ಇದರಲ್ಲಿ `emb` ಎಂಬ ಅಂಕಣದಲ್ಲಿ `yes` ಇದ್ದರೆ ಫಾಂಟ್ ಕಡತದೊಳಗೇ ಇದೆ ಎಂದು ಅರ್ಥ. `sub` ಎಂದರೆ ಇಡೀ ಫಾಂಟ್ ಅಲ್ಲ, ಪುಸ್ತಕದಲ್ಲಿ ಬಳಕೆಯಾದ ಅಕ್ಷರರೂಪಗಳು ಮಾತ್ರ ಸೇರಿವೆ ಎಂದು. ಹೆಸರಿನ ಆರಂಭದಲ್ಲಿರುವ ಆರು ದೊಡ್ಡಕ್ಷರಗಳು ಮತ್ತು ಕೂಡು ಚಿಹ್ನೆ ಅದರದೇ ಗುರುತು. ಹೀಗಿರುವಾಗ ಫಾಂಟ್ ಇಲ್ಲ ಎಂಬ ಮಾತನ್ನು ಫೋನಿನಲ್ಲಿ ಅಲ್ಲಗಳೆದು ಕೂರುವುದಕ್ಕಿಂತ, ಅವನಿಗೆ ಕಾಣುತ್ತಿರುವುದೇನು ಎಂದು ಕಣ್ಣಾರೆ ನೋಡುವುದೇ ಒಳ್ಳೆಯದೆಂದು ಧಾರವಾಡದಿಂದ ಹೊರಟೆ.

ಅವನ ಪರದೆಯ ಮೇಲೆ ‘ಕರ್ನಾಟಕ’ ಎಂಬುದು ‘ಕನಾರ್ಟಕ’ ಆಗಿತ್ತು. ‘ಧರ್ಮ’ವು ‘ಧಮರ್’, ‘ವರ್ಷ’ವು ‘ವಷರ್’ ಆಗಿದ್ದವು. ‘ರಾಷ್ಟ್ರ’ದ ಒತ್ತುಗಳು ಕಳಚಿಕೊಂಡು ಪಕ್ಕದಲ್ಲಿ ಬಿದ್ದಿದ್ದವು. ಅವನು ಪಿಡಿಎಫ್ ಅನ್ನು ಕೋರೆಲ್‌ಡ್ರಾದಲ್ಲಿ ತೆರೆದಿದ್ದ. ಅದೇ ಕಡತವನ್ನು ಅದೇ ಗಣಕದಲ್ಲಿ ಅಕ್ರೋಬ್ಯಾಟ್‌ನಲ್ಲಿ ತೆರೆಯಲು ಹೇಳಿದೆ. ಪುಟ ಸ್ವಚ್ಛವಾಗಿ, ಒಂದು ಒತ್ತೂ ಕದಲದೆ ಬಂದಿತು. ಅವನು ಎರಡೂ ಕಿಟಕಿಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿ, “ಇದರಾಗ ಛಲೋ ಐತಿ, ಅದರಾಗ ಯಾಕ ಕೆಡತೈತ್ರೀ? ಫಾಂಟ್ ಒಳಗ ಇದ್ರ ಎಲ್ಲಾದ್ರಾಗೂ ಇರಬೇಕಲ್ಲಾ?” ಎಂದು ಕೇಳಿದ. ಆ ಹುಡುಗ ಬುದ್ಧಿವಂತ. ನಾನು ಬಹಳ ದಿನಗಳಿಂದ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದ ಪ್ರಶ್ನೆಯನ್ನೇ ಅವನು ಕೇಳಿದ್ದ.

ಉತ್ತರ ಕನ್ನಡ ಬರವಣಿಗೆಯ ರೀತಿಯಲ್ಲಿಯೇ ಇದೆ. ಯೂನಿಕೋಡಿನಲ್ಲಿ ‘ರ್ನಾ’ ಎಂದು ಬರೆಯುವಾಗ ರಕಾರ ಮೊದಲು, ನಕಾರ ಆಮೇಲೆ ದಾಖಲಾಗುತ್ತದೆ. ಕಾಗದದ ಮೇಲೆ ಮಾತ್ರ ‘ನಾ’ ಮೊದಲು ಕುಳಿತು, ಅರ್ಕಾವತ್ತು ಅದರ ಬಲಕ್ಕೆ ಬರುತ್ತದೆ. ಈ ಸ್ಥಾನಪಲ್ಲಟವನ್ನು ಪುಟವಿನ್ಯಾಸದ ತಂತ್ರಾಂಶವು ಫಾಂಟಿನೊಳಗಿನ ನಿಯಮಗಳನ್ನು ಓದಿ ಮಾಡುತ್ತದೆ. ಪಿಡಿಎಫ್ ಆಗುವ ಹೊತ್ತಿಗೆ ಆ ಕೆಲಸ ಮುಗಿದಿರುತ್ತದೆ. ಇಂಥ ರೂಪವನ್ನು ಪುಟದ ಇಂಥ ಜಾಗದಲ್ಲಿ ಇಡು ಎಂಬ ಸೂಚನೆಗಳಷ್ಟೇ ಕಡತದಲ್ಲಿ ಉಳಿದಿರುತ್ತವೆ. ಅಕ್ರೋಬ್ಯಾಟ್ ಆಗಲಿ, ಪ್ಲೇಟ್ ಮಾಡುವ ಯಂತ್ರದ ಹಿಂದಿರುವ ರಿಪ್ ಆಗಲಿ ಆ ಸೂಚನೆಯನ್ನು ಪಾಲಿಸುತ್ತವೆ, ಬೇರೇನನ್ನೂ ಮಾಡುವುದಿಲ್ಲ. ಕೋರೆಲ್‌ಡ್ರಾದಂಥ ತಿದ್ದುವ ತಂತ್ರಾಂಶದಲ್ಲಿ ತೆರೆದಾಗ ಅದು ಆ ರೂಪಗಳನ್ನು ಹಿಂದಕ್ಕೆ ಅಕ್ಷರಗಳಾಗಿ ಓದಿಕೊಳ್ಳುತ್ತದೆ, ಮತ್ತು ಕಾಗದದ ಮೇಲಿನ ಕ್ರಮದಲ್ಲಿಯೇ ಓದಿಕೊಳ್ಳುತ್ತದೆ: ಮೊದಲು ‘ನಾ’, ಆಮೇಲೆ ‘ರ್’. ಅದನ್ನು ಮತ್ತೆ ಜೋಡಿಸಿದಾಗ ‘ನಾರ್’ ಅಲ್ಲದೆ ಇನ್ನೇನೂ ಆಗಲು ಸಾಧ್ಯವಿಲ್ಲ. ಪಿಡಿಎಫ್‌ನಿಂದ ಕನ್ನಡ ಪಠ್ಯವನ್ನು ನಕಲಿಸಿ ಅಂಟಿಸಿದವರೆಲ್ಲ ಈ ‘ಕನಾರ್ಟಕ’ವನ್ನು ಕಂಡಿರುತ್ತಾರೆ. ಫಾಂಟ್ ನಿಜವಾಗಿಯೂ ಇಲ್ಲದಿದ್ದಾಗ ಆಗುವ ಕೇಡಿನ ಚಹರೆಯೇ ಬೇರೆ. ನುಡಿಯಂಥ ಹಳೆಯ ಫಾಂಟಿನಲ್ಲಿ ಟೈಪಿಸಿದ ‘ಕನ್ನಡ’ವು ಫಾಂಟ್ ತಪ್ಪಿದರೆ `PÀ£ÀßqÀ` ಎಂದು ಕಾಣುತ್ತದೆ, ಯೂನಿಕೋಡ್ ಆದರೆ ಖಾಲಿ ಚೌಕಗಳೋ ಇನ್ನಾವುದೋ ಫಾಂಟಿನ ಅಕ್ಷರಗಳೋ ಬರುತ್ತವೆ. ಅಕ್ಷರಗಳು ಸರಿಯಾಗಿದ್ದು ಅವುಗಳ ಸ್ಥಾನ ಮಾತ್ರ ಕೆಟ್ಟಿದ್ದರೆ, ಯಾರೋ ಕಡತವನ್ನು ಬಿಚ್ಚಿ ಮತ್ತೆ ಜೋಡಿಸಿದ್ದಾರೆ ಎಂದೇ ತಿಳಿಯಬೇಕು.

ಮುದ್ರಣಾಲಯದ ಮಾಲೀಕರು ಒಳಗಿನಿಂದ ಬಂದು, “ಇಪ್ಪತ್ತ ವರ್ಷದಿಂದ ನಾವು ಹಿಂಗ ತಗದು ಪುಟಾ ಹೊಂದಸ್ತೀವಿ, ಒಮ್ಮೆನೂ ಕೆಟ್ಟಿಲ್ಲ” ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂಬುದು ನನಗೆ ದಾರಿಯಲ್ಲಿ ಹಿಂದಿರುಗುವಾಗ ಹೊಳೆಯಿತು. ನುಡಿ, ಶ್ರೀಲಿಪಿಗಳ ಕಾಲದಲ್ಲಿ ಅರ್ಕಾವತ್ತಿಗೂ ಪ್ರತಿಯೊಂದು ಒತ್ತಿಗೂ ತನ್ನದೇ ಸಂಕೇತವಿತ್ತು. ಕಾಣುವ ಕ್ರಮವೂ ದಾಖಲಾದ ಕ್ರಮವೂ ಒಂದೇ ಆಗಿದ್ದವು. ಆ ಫಾಂಟ್ ಗಣಕದಲ್ಲಿ ಇದ್ದರೆ ಸಾಕು, ಕಡತವನ್ನು ಎಲ್ಲಿ ಬಿಚ್ಚಿದರೂ ಅಕ್ಷರ ಕದಲುತ್ತಿರಲಿಲ್ಲ. ಇಂಗ್ಲಿಷ್ ಪುಸ್ತಕಗಳೂ ಬಹುಮಟ್ಟಿಗೆ ಹೀಗೆಯೇ ಪಾರಾಗುತ್ತವೆ. ಪಿಡಿಎಫ್ ಅನ್ನು ಬಿಚ್ಚಿ ಒಂದೇ ಪ್ಲೇಟಿನಲ್ಲಿ ಹಲವು ಪುಟಗಳನ್ನು ಹೊಂದಿಸುವ ರೂಢಿಗೆ ನಮ್ಮ ಮುದ್ರಣಾಲಯಗಳು ಬೆಲೆ ತೆರುವ ಪ್ರಸಂಗವೇ ಬಂದಿರಲಿಲ್ಲ. ಯೂನಿಕೋಡ್ ಕನ್ನಡ ಬಂದ ಮೇಲೆ ಬಂದಿದೆ. ಹಾಗಾಗಿ ನಮ್ಮವರು ‘ಯೂನಿಕೋಡ್ ಮುದ್ರಣಕ್ಕೆ ಬರುವುದಿಲ್ಲ, ನುಡಿಯಲ್ಲೇ ಕೊಡಿ’ ಎಂದು ಹೇಳಿದಾಗ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು ಆಗುತ್ತದೆ. ಮುದ್ರಣಕ್ಕೆ ಅದು ಚೆನ್ನಾಗಿಯೇ ಬರುತ್ತದೆ, ಸಿದ್ಧವಾದ ಕಡತವನ್ನು ಸಿದ್ಧವಾದದ್ದೆಂದೇ ನಡೆಸಿಕೊಂಡರೆ.

ಬೆಂಗಳೂರಿನಲ್ಲಿರುವ ವಿನ್ಯಾಸಕಾರ ಮಿತ್ರರೊಬ್ಬರು ಈ ತೊಂದರೆಗೆಲ್ಲ ಒಂದೇ ಮದ್ದು ಎಂಬಂತೆ ‘ಎಲ್ಲವನ್ನೂ ಕರ್ವ್ ಮಾಡಿ ಕಳಿಸಿಬಿಡಿ’ ಎನ್ನುತ್ತಾರೆ, ಅಂದರೆ ಅಕ್ಷರಗಳನ್ನು ಬರಿಯ ಗೆರೆಯ ಆಕೃತಿಗಳನ್ನಾಗಿ ಮಾಡಿಬಿಡುವುದು. ಮುಖಪುಟದ ನಾಲ್ಕು ಪದಗಳಿಗೆ ಅದು ಸರಿ. ಇಡೀ ಪುಸ್ತಕಕ್ಕೆ ಮಾಡಿದರೆ ಕಡತ ಹಿಗ್ಗುತ್ತದೆ, ಅದರಲ್ಲಿ ಒಂದು ಹೆಸರನ್ನು ಹುಡುಕಲು ಬರುವುದಿಲ್ಲ, ಕಡೆಯ ಗಳಿಗೆಯಲ್ಲಿ ಒಂದಕ್ಷರವನ್ನು ತಿದ್ದಲೂ ಆಗುವುದಿಲ್ಲ. ಒಳ್ಳೆಯ ಕೆಲಸಗಾರರಾದ ಅವರು ಇದನ್ನು ಮೊದಲ ದಾರಿಯೆಂದು ಕಿರಿಯರಿಗೆ ಹೇಳಿಕೊಡುವುದು ನನಗೆ ಒಪ್ಪಿಗೆಯಿಲ್ಲ.

ಕಡತದಲ್ಲಿ ಕೆಡುವುದು ಅಕ್ಷರ ಮಾತ್ರ ಅಲ್ಲ ಎಂದು ತೋರಿಸಲು ಆ ಹುಡುಗನಿಗೆ ಕಪ್ಪು ಬಣ್ಣವನ್ನು ತೋರಿಸಿದೆ. ಅಕ್ರೋಬ್ಯಾಟ್‌ನ `Output Preview` ತೆರೆದು ಕಪ್ಪು ಪ್ಲೇಟನ್ನು ಮರೆಮಾಡಿದರೆ ಒಳಪುಟ ಸಂಪೂರ್ಣ ಬಿಳಿಯಾಗಬೇಕು. ನನ್ನ ಪುಟ ಹಾಗೆಯೇ ಬಿಳಿಯಾಯಿತು. ಆದರೆ ಲೇಖಕರು ವರ್ಡ್‌ನಲ್ಲಿ ಕಳಿಸಿದ ಬರಹದೊಂದಿಗೆ `Word_R0_G0_B0` ಎಂಬಂಥ ಬಣ್ಣ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ನುಸುಳಿಬರುವುದುಂಟು. ಪರದೆಯ ಮೇಲೆ ಅದೂ ಕಪ್ಪೇ. ಅಡೋಬಿಯ ಅಮೆರಿಕನ್ ಪೂರ್ವನಿಗದಿಯಾದ `U.S. Web Coated (SWOP) v2` ಪ್ರೊಫೈಲ್‌ಗೆ ಪರಿವರ್ತನೆಯಾದಾಗ ಅದು ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ಒಂದೇ ಬಣ್ಣದ ಒಳಪುಟಕ್ಕೆ ಕಪ್ಪು ಪ್ಲೇಟ್ ಮಾತ್ರ ತೆಗೆದರೆ ಅಕ್ಷರ ನೂರಕ್ಕೆ ತೊಂಬತ್ತರಷ್ಟೇ ಕಪ್ಪಾಗಿ, ಅಂಚುಗಳು ಚುಕ್ಕಿಚುಕ್ಕಿಯಾಗಿ ಬರುತ್ತವೆ. ನಾಲ್ಕು ಬಣ್ಣದಲ್ಲಿ ಮುದ್ರಿಸಿದರೆ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಸಣ್ಣ ಒತ್ತುಗಳ ಸುತ್ತ ಬಣ್ಣದ ನೆರಳು ಕಾಣುತ್ತದೆ. ಹೀಗಾಗಿ ಆ ಬಣ್ಣವನ್ನು ಅಳಿಸಿ, ಅದರ ಜಾಗಕ್ಕೆ ಇನ್‌ಡಿಸೈನ್‌ನ `[Black]` ಅನ್ನು ತಂದ ಮೇಲೆಯೇ ನಾನು ರಫ್ತು ಮಾಡುತ್ತೇನೆ.

ಮುಖಪುಟದ ಬಣ್ಣಕ್ಕೆ ಯಾವ ಪ್ರೊಫೈಲ್ ಬೇಕೆಂದು ಕೇಳಿದಾಗ, “ಸಿಎಂವೈಕೆ ಇದ್ರ ಸಾಕ್ರೀ” ಎಂದು ಮಾಲೀಕರು ಹೇಳಿದರು. ಅದು ಸಾಲದು. ಒಂದೇ ಅಂಕಿಗಳ ಕೆಂಪು ಆರ್ಟ್ ಕಾರ್ಡಿನ ಮೇಲೆ ಉಜ್ವಲವಾಗಿ, ಶಾಯಿ ಹೀರುವ ಮ್ಯಾಪ್ಲಿಥೊ ಕಾಗದದ ಮೇಲೆ ಮಂಕಾಗಿ ಬರುತ್ತದೆ. ಅಂಕಿಗಳನ್ನು ಯಾವ ಕಾಗದವನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕಹಾಕಲಾಗಿದೆ ಎಂದು ಹೇಳುವುದೇ ಪ್ರೊಫೈಲ್. ನಯಗಾಗದದ ಮುಖಪುಟಕ್ಕೆ ನಾನು `Coated FOGRA39` ಆರಿಸಿಕೊಂಡೆ. ಛಾಯಾಚಿತ್ರಗಳನ್ನು ಕೊನೆಯವರೆಗೂ ಆರ್‌ಜಿಬಿಯಲ್ಲೇ ಇಟ್ಟುಕೊಂಡು, ಮುದ್ರಣದ ಮಾನದಂಡವಾದ `PDF/X-4` ಆಗಿ ರಫ್ತು ಮಾಡುವಾಗ `Convert to Destination (Preserve Numbers)` ಎಂಬ ಆಯ್ಕೆಯಿಂದ ಪರಿವರ್ತಿಸಿದೆ. ಆವರಣದೊಳಗಿನ ಆ ಎರಡು ಪದಗಳು ಮುಖ್ಯ. ಅವುಗಳಿಂದಾಗಿ, ದಾಖಲೆಯಲ್ಲಿ ನಾನೇ ಕೊಟ್ಟ ನೂರು ಪ್ರತಿಶತ ಕಪ್ಪು ಹಾಗೆಯೇ ಉಳಿಯುತ್ತದೆ.

ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಕ್ರಾಪ್ ಮಾರ್ಕ್ ವಿಷಯದಲ್ಲಿ ಮಾತ್ರ ಆ ಮುದ್ರಣಾಲಯದಲ್ಲಿ ಎಲ್ಲರಿಗೂ ಖಚಿತ ತಿಳಿವಳಿಕೆಯಿತ್ತು, ಅದರಲ್ಲೂ ಕಟಿಂಗ್ ಯಂತ್ರದ ಹಿರಿಯರಿಗೆ. ಡೆಮಿ 1/8 ಅಳತೆಯ ಪುಸ್ತಕವಾದ್ದರಿಂದ 140 ಮಿಲಿಮೀಟರ್ ಅಗಲದ ಎರಡು ರಕ್ಷಾಪುಟ, ನಡುವೆ ಅವರೇ ಖಾಲಿ ಹಾಳೆಗಳ ಡಮ್ಮಿ ಕಟ್ಟಿ ಅಳೆದುಕೊಟ್ಟ 10 ಮಿಲಿಮೀಟರ್ ಬೆನ್ನು, ಒಟ್ಟು 290 ಅಗಲ, 216 ಎತ್ತರ. ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸಿಹೋಗುವ ಹೆಚ್ಚುವರಿ ಬಣ್ಣ, ಸೇರಿದರೆ 296 ಮತ್ತು 222. ಇನ್‌ಡಿಸೈನ್ ಕ್ರಾಪ್ ಮಾರ್ಕನ್ನು ತಾನಾಗಿ ಇಡುವುದು ಅಂಚಿನಿಂದ 2.117 ಮಿಲಿಮೀಟರ್ ದೂರದಲ್ಲಿ, ಅಂದರೆ ಬ್ಲೀಡ್‌ನ ಬಣ್ಣದ ಮೇಲೆಯೇ. ಬ್ಲೇಡ್ ಅಷ್ಟಕ್ಕಿಂತ ಹೊರಗೆ ಬಿದ್ದರೆ ಆ ಗೆರೆಯ ತುದಿ ಪುಸ್ತಕದ ಮೂಲೆಯಲ್ಲಿ ಉಳಿದುಬಿಡುತ್ತದೆ. `Marks and Bleeds` ಪುಟದಲ್ಲಿ `Offset` ಅನ್ನು 3 ಮಿಲಿಮೀಟರ್‌ಗೆ ಏರಿಸಿದರೆ ಗೆರೆ ಬಣ್ಣದಿಂದ ಹೊರಗೆ ನಿಲ್ಲುತ್ತದೆ. ನಾನು ಹಾಗೆ ಮಾಡಿದ್ದನ್ನು ಆ ಹಿರಿಯರು ಅಳತೆಪಟ್ಟಿ ಇಟ್ಟು ನೋಡಿ, ತಲೆಯಾಡಿಸಿ ಹೋದರು. ಆ ಕಟ್ಟಡದಲ್ಲಿ ನನಗೆ ಅತ್ಯಂತ ಗೌರವ ಮೂಡಿದ್ದು ಅವರ ಮೇಲೆ.

ಕೊನೆಗೆ ಒಳಪುಟಗಳ ಪಿಡಿಎಫ್ ಅನ್ನು ಬಿಚ್ಚದೆಯೇ, ಪ್ಲೇಟ್ ಮಾಡಿಕೊಡುವ ಹೊರಗಿನ ಸಿಟಿಪಿ ಕೇಂದ್ರಕ್ಕೆ ನೇರವಾಗಿ ಕಳಿಸುವುದೆಂದು ತೀರ್ಮಾನವಾಯಿತು. ಪುಟ ಹೊಂದಿಸುವ ತಂತ್ರಾಂಶ ಅವರಲ್ಲಿತ್ತು. ಅದು ಪ್ರತಿ ಪುಟವನ್ನೂ ಚಿತ್ರಪಟದಂತೆ ಇಡಿಯಾಗಿ ಎತ್ತಿಡುತ್ತದೆ, ಒಳಗಿನ ಅಕ್ಷರವನ್ನು ಮುಟ್ಟುವುದಿಲ್ಲ. ಶುಕ್ರವಾರ ಬಂದ ಪ್ಲೇಟುಗಳಲ್ಲಿ ಅರ್ಕಾವತ್ತುಗಳು ತಮ್ಮ ಜಾಗದಲ್ಲಿದ್ದವು. ಅಂಥ ಕೇಂದ್ರ ಇಲ್ಲದ ಊರಿಗೆ ಏನು ಮಾಡಬೇಕೆಂದು ಆಪರೇಟರ್ ಕೇಳಿದ್ದಕ್ಕೆ, ಅವನ ಗಣಕದಲ್ಲಿ ಘೋಸ್ಟ್‌ಸ್ಕ್ರಿಪ್ಟ್ ಎಂಬ ತಂತ್ರಾಂಶದ ಈ ಸಾಲನ್ನು ಬರೆದಿಟ್ಟು ಬಂದಿದ್ದೇನೆ:

```
gswin64c -o olaputa-curve.pdf -sDEVICE=pdfwrite -dNoOutputFonts olaputa.pdf
```

ಇದು ಮೂಲವನ್ನು ಹಾಗೆಯೇ ಬಿಟ್ಟು, ಅಕ್ಷರಗಳೆಲ್ಲ ಆಕೃತಿಗಳಾದ ಇನ್ನೊಂದು ಪ್ರತಿಯನ್ನು ಮಾಡುತ್ತದೆ. ಆ ಪ್ರತಿಯನ್ನು ಕೋರೆಲ್‌ನಲ್ಲಿ ಬಿಚ್ಚಿದರೂ ಒತ್ತು ಜಾರುವುದಿಲ್ಲ. ಆದರೆ ಅದು ಇನ್ನು `PDF/X-4` ಆಗಿ ಉಳಿದಿರುವುದಿಲ್ಲ. ಆದ್ದರಿಂದ ಬಣ್ಣದ ಮುಖಪುಟಕ್ಕೆ ಅದನ್ನು ಬಳಸಬೇಡ, ಒಂದೇ ಬಣ್ಣದ ಒಳಪುಟಕ್ಕೆ ಬಳಸಿದ ಮೇಲೂ ಕಪ್ಪು ಪ್ಲೇಟನ್ನು ಮರೆಮಾಡಿ ಇನ್ನೊಮ್ಮೆ ನೋಡು ಎಂದು ಹೇಳಿದ್ದೇನೆ.