ಗಾಸ್ ಪೂರ್ಣಾಂಕಗಳ ಪಾಠ: ಎಡವುವುದು ಭಾಗಲಬ್ಧದಲ್ಲಿ

ಬೀಜಗಣಿತದ ತರಗತಿಯಲ್ಲಿ a + bi ರೂಪದ ಸಂಖ್ಯೆಗಳ (a, b ಪೂರ್ಣಾಂಕಗಳು) ಪಾಠಕ್ಕೆ ಬಂದಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಭಾಗಲಬ್ಧವನ್ನು ಆರಿಸುವಾಗ ದಶಮಾಂಶ ಭಾಗವನ್ನು ಕತ್ತರಿಸಿ ಹಾಕುತ್ತಾರೆ. ಸಾಮಾನ್ಯ ಧನ ಪೂರ್ಣಾಂಕಗಳಲ್ಲಿ ಅದು ಸರಿಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ಹಾಗಾಗಿ ನಾನು ಪಾಠವನ್ನು ಪ್ರಮೇಯದ ಹೇಳಿಕೆಗಿಂತ ಮೊದಲು ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಅಳತೆಗೋಲು ನಾರ್ಮ್: N(a + bi) = a² + b². ಗುಣಲಬ್ಧದ ನಾರ್ಮ್ ಎಂದರೆ ನಾರ್ಮ್‌ಗಳ ಗುಣಲಬ್ಧ. ಸಂಖ್ಯೆಗಳನ್ನು ಚಿಕ್ಕದು, ದೊಡ್ಡದು ಎಂದು ಸಾಲಾಗಿ ಜೋಡಿಸಲು ಇಲ್ಲಿ ಬರುವುದಿಲ್ಲವಾದ್ದರಿಂದ, ಶೇಷ ಭಾಜಕಕ್ಕಿಂತ ಚಿಕ್ಕದು ಎಂದರೆ ಶೇಷದ ನಾರ್ಮ್ ಭಾಜಕದ ನಾರ್ಮ್‌ಗಿಂತ ಕಡಿಮೆ ಎಂದರ್ಥ.

α = 5 + 13i ಅನ್ನು β = 4 + i ಇಂದ ಭಾಗಿಸೋಣ. ಅಂಶ, ಛೇದ ಎರಡನ್ನೂ 4 − i ಇಂದ ಗುಣಿಸಿದರೆ (33 + 47i)/17 ಸಿಗುತ್ತದೆ, ಅಂದರೆ ಸುಮಾರು 1.94 + 2.76i. ದಶಮಾಂಶ ಕತ್ತರಿಸಿ 1 + 2i ತೆಗೆದುಕೊಂಡರೆ ಶೇಷ 3 + 4i. ಅದರ ನಾರ್ಮ್ 25, ಭಾಜಕದ ನಾರ್ಮ್ 17. ಶೇಷವೇ ದೊಡ್ಡದಾಯಿತು! ಅದೇ ಎರಡೂ ಭಾಗಗಳನ್ನು ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸಿ 2 + 3i ತೆಗೆದುಕೊಂಡರೆ ಶೇಷ −i, ನಾರ್ಮ್ 1.

ಕಾರಣ ಸರಳ. ಕತ್ತರಿಸಿದಾಗ ಎರಡೂ ದಿಕ್ಕಿನಲ್ಲಿ ಬಿಟ್ಟುಹೋದ ಭಾಗ 1ರ ಹತ್ತಿರ ಹೋಗಬಹುದು, ಆಗ ಅವುಗಳ ವರ್ಗಗಳ ಮೊತ್ತ 2ರ ಹತ್ತಿರ ಬರುತ್ತದೆ. ಹತ್ತಿರದ ಪೂರ್ಣಾಂಕ ಹಿಡಿದರೆ ಪ್ರತಿ ದಿಕ್ಕಿನ ವ್ಯತ್ಯಾಸ ½ ಮೀರುವುದಿಲ್ಲ, ಮೊತ್ತ ¼ + ¼ = ½ ಮೀರುವುದಿಲ್ಲ. ಹೀಗಾಗಿ ಶೇಷದ ನಾರ್ಮ್ ಯಾವಾಗಲೂ N(β)/2 ಅಥವಾ ಅದಕ್ಕಿಂತ ಕಡಿಮೆ. ಭಾಗಾಕಾರದ ಪ್ರಮೇಯದ ಸಾಧನೆ ಇಷ್ಟೇ.

ಸರಿಯಾಗಿ ½ ಬಂದರೆ ಯಾವ ಕಡೆಗೆ ಸರಿಸಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. ಯಾವ ಕಡೆಗಾದರೂ ಆಗುತ್ತದೆ. 1 ಅನ್ನು 1 + i ಇಂದ ಭಾಗಿಸಿದರೆ ½ − ½i. ಭಾಗಲಬ್ಧವಾಗಿ 0, 1, −i, 1 − i ನಾಲ್ಕೂ ನಡೆಯುತ್ತವೆ, ಶೇಷಗಳು ಕ್ರಮವಾಗಿ 1, −i, i, −1. ಶೇಷ ಒಂದೇ ಆಗಿರಬೇಕೆಂದು ಮುಂದಿನ ಸಾಧನೆ ಎಲ್ಲೂ ಕೇಳುವುದಿಲ್ಲ, ಚಿಕ್ಕದಾಗಿದ್ದರೆ ಸಾಕು.

ಈಗ ಅದೇ ಲೆಕ್ಕವನ್ನು ಮುಂದುವರಿಸೋಣ. −i = α − (2 + 3i)β. ಎರಡೂ ಕಡೆ i ಇಂದ ಗುಣಿಸಿದರೆ

1 = iα + (3 − 2i)β.

4 + i ಇನ್ನು ಒಡೆಯುವುದಿಲ್ಲ, ಏಕೆಂದರೆ ಅದರ ನಾರ್ಮ್ 17 ಅವಿಭಾಜ್ಯ. ಎರಡು ಅಪವರ್ತನಗಳಾಗಿ ಬರೆದರೆ ಒಂದರ ನಾರ್ಮ್ 1 ಆಗಲೇಬೇಕು, ಅಂದರೆ ಅದು ±1 ಅಥವಾ ±i. ಈ ನಾಲ್ಕೇ ಇಲ್ಲಿನ ಏಕಕಗಳು. 4 + i ಎಂಬುದು αγ ಅನ್ನು ಭಾಗಿಸುತ್ತದೆ ಎಂದುಕೊಳ್ಳಿ. ಮೇಲಿನ ಸಮೀಕರಣವನ್ನು γ ಇಂದ ಗುಣಿಸಿದರೆ γ = iαγ + (3 − 2i)βγ. ಬಲಗಡೆಯ ಎರಡೂ ಪದಗಳನ್ನು 4 + i ಭಾಗಿಸುತ್ತದೆ, ಆದ್ದರಿಂದ γ ಅನ್ನೂ ಭಾಗಿಸುತ್ತದೆ. ಒಡೆಯದ ಯಾವ ಸಂಖ್ಯೆಗಾದರೂ ಇದೇ ವಾದ. ಅದು α ಅನ್ನು ಭಾಗಿಸದಿದ್ದರೆ ಎರಡರ ಸಾಮಾನ್ಯ ಅಪವರ್ತನಗಳು ಏಕಕಗಳು ಮಾತ್ರ. ಭಾಗಾಕಾರವನ್ನು ಮತ್ತೆ ಮತ್ತೆ ಮಾಡುತ್ತಾ ಹೋದರೆ ಪ್ರತಿ ಹೆಜ್ಜೆಗೂ ನಾರ್ಮ್ ಅರ್ಧಕ್ಕಾದರೂ ಇಳಿಯುತ್ತದೆ, ಕೊನೆಯ ಶೂನ್ಯವಲ್ಲದ ಶೇಷ ಏಕಕವಾಗಿರುತ್ತದೆ.

ಇದು ಕೈಯಲ್ಲಿದ್ದರೆ ಅನನ್ಯ ಅಪವರ್ತನ ದೂರವಿಲ್ಲ. ಒಡೆಯುವ ಸಂಖ್ಯೆಯನ್ನು ಒಡೆದಾಗಲೆಲ್ಲ ನಾರ್ಮ್ ಇಳಿಯುವುದರಿಂದ ಕೆಲಸ ಎಲ್ಲೋ ಒಂದು ಕಡೆ ನಿಲ್ಲುತ್ತದೆ. ಒಂದೇ ಸಂಖ್ಯೆಯನ್ನು ಒಡೆಯದ ಅಪವರ್ತನಗಳ ಗುಣಲಬ್ಧವಾಗಿ ಎರಡು ಬಗೆಯಲ್ಲಿ ಬರೆದಿದ್ದರೆ, ಎಡಗಡೆಯ ಮೊದಲ ಅಪವರ್ತನ ಬಲಗಡೆಯ ಯಾವುದಾದರೊಂದನ್ನು ಭಾಗಿಸಬೇಕು. ಅದೂ ಒಡೆಯದ್ದೇ ಆದ್ದರಿಂದ ಇವೆರಡರ ನಡುವೆ ಇರುವುದು ಏಕಕದ ವ್ಯತ್ಯಾಸ ಮಾತ್ರ. ಎರಡೂ ಕಡೆ ಹೊಡೆದುಹಾಕಿ ಮುಂದುವರಿಯಬಹುದು.

5 = (2 + i)(2 − i) = (1 + 2i)(1 − 2i) ತೋರಿಸಿ "ಇಲ್ಲಿ ಎರಡು ಬಗೆ ಇದೆಯಲ್ಲ ಸರ್" ಎನ್ನುವವರು ಇರುತ್ತಾರೆ. ಒಳ್ಳೆಯ ಆಕ್ಷೇಪ, ನಿಧಾನವಾಗಿ ಪರೀಕ್ಷಿಸಬೇಕು: 1 + 2i = i(2 − i), 1 − 2i = −i(2 + i). ಏಕಕಗಳನ್ನು ಸರಿಸಿದರೆ ಎರಡೂ ಒಂದೇ.

ಈ ವಾದ ಎಲ್ಲೆಡೆ ನಡೆಯುತ್ತದೆಂದು ತಿಳಿಯದಿರಲು i ಬದಲು √−3 ಹಾಕಿಸಿ ನೋಡುತ್ತೇನೆ. ಆಗ ನಾರ್ಮ್ a² + 3b², ಅತಿ ಹೆಚ್ಚಿನ ವ್ಯತ್ಯಾಸ ¼ + ¾ = 1. ಕೂದಲೆಳೆಯಷ್ಟರಲ್ಲಿ ತಪ್ಪಿತು, ಆದರೆ ತಪ್ಪಿದ್ದು ತಪ್ಪಿದ್ದೇ: 4 = 2 · 2 = (1 + √−3)(1 − √−3). ಇಲ್ಲಿ ಏಕಕಗಳು ±1 ಮಾತ್ರ, ನಾರ್ಮ್ 2 ಇರುವ ಸಂಖ್ಯೆಯೇ ಇಲ್ಲದ್ದರಿಂದ ನಾರ್ಮ್ 4 ಇರುವ ಈ ಅಪವರ್ತನಗಳಲ್ಲಿ ಯಾವುದೂ ಒಡೆಯುವುದಿಲ್ಲ. √−2 ಹಾಕಿದರೆ ¼ + ½ = ¾, ಅಲ್ಲಿ ನಮ್ಮ ವಾದ ಪದಶಃ ನಡೆಯುತ್ತದೆ.